ಆನೆ ಬಂದುಹೋದ ಬೆಳಗ್ಗೆ ಬರೆಯುವ ಅರ್ಜಿ

ಸಕಲೇಶಪುರ, ಆಲೂರು ಸೀಮೆಯಲ್ಲಿ ಭತ್ತದ ತೆನೆ ಬಾಗುವ ಹೊತ್ತಿಗೆ ಕಾಡಾನೆಗಳೂ ಗದ್ದೆಗಿಳಿಯುತ್ತವೆ. ಬೆಳಗಾದರೆ ರೈತ ಸಿಟ್ಟಿನಲ್ಲಿ ಒಂದು ಸಾಲು ಬರೆಯುತ್ತಾನೆ: ‘ಆನೆ ದಾಳಿಯಿಂದ ಬೆಳೆಯೆಲ್ಲ ನಾಶವಾಗಿದೆ, ಪರಿಹಾರ ಕೊಡಿಸಿ.’ ಸಿಟ್ಟು ನ್ಯಾಯವೇ. ಆದರೆ ಸ್ಥಳಕ್ಕೆ ಬಂದು ಮಹಜರು ಮಾಡುವ ಅರಣ್ಯ ಸಿಬ್ಬಂದಿಗೆ ಆ ‘ಎಲ್ಲ’ ಎಂಬುದನ್ನು ಅಳೆಯಲು ಬರುವುದಿಲ್ಲ.

ಎರಡು ಎಕರೆ ಗದ್ದೆಯ ರೈತರೊಬ್ಬರು ಹೀಗೆ ಬರೆದರು ಎಂದುಕೊಳ್ಳಿ: ‘ನಿನ್ನೆ ರಾತ್ರಿ ಸುಮಾರು 2 ಗಂಟೆಗೆ ಮೂರು ಆನೆಗಳು ನನ್ನ ಸರ್ವೆ ನಂಬರಿನ ಗದ್ದೆಗೆ ನುಗ್ಗಿವೆ. 2 ಎಕರೆಯಲ್ಲಿ ಸುಮಾರು 18 ಗುಂಟೆ ಭತ್ತ ತುಳಿತಕ್ಕೆ ಸಿಕ್ಕಿದೆ. ಬದುವಿನ ಮೇಲಿನ 25 ಬಾಳೆ ಮುರಿದಿವೆ. ಓಡುವಾಗ ಬಿದ್ದು ನನ್ನ ತಮ್ಮನ ಬಲಗಾಲು ಮುರಿದಿದೆ.’ ಇದರಲ್ಲಿ ಪ್ರತಿಯೊಂದನ್ನೂ ಗದ್ದೆಯಲ್ಲಿ ನಿಂತು ತಾಳೆ ನೋಡಬಹುದು. ಎಕರೆಗೆ 40 ಗುಂಟೆ. ಹಾಳಾದ ಜಾಗದ ಉದ್ದ, ಅಗಲ ಹೆಜ್ಜೆ ಹಾಕಿ ನೋಡಿದರೂ ಲೆಕ್ಕ ಸಿಗುತ್ತದೆ. ಗದ್ದೆಯನ್ನು ಹಸನು ಮಾಡುವ ಆತುರ ಮಾತ್ರ ಬೇಡ. ಮಹಜರು ಮುಗಿಯುವವರೆಗೆ ಮುರಿದ ಬಾಳೆ ಬಿದ್ದಲ್ಲೇ ಇರಲಿ, ಫೋಟೋದಲ್ಲಿ ಗದ್ದೆಯ ಗುರುತೂ ಕಾಣಲಿ.

ಬಂದದ್ದು ಆನೆಯೇ, ಹಂದಿಯೇ ಎಂಬ ಪ್ರಶ್ನೆ ಏಳಬಹುದು. ಹಂದಿ ಮೂತಿಯಿಂದ ಮಣ್ಣು ಕೆದಕುತ್ತದೆ. ಆನೆ ಬಾಳೆಯ ದಿಂಡು ಸೀಳಿ ತಿರುಳು ತಿನ್ನುತ್ತದೆ, ಲದ್ದಿ ಹಾಕುತ್ತದೆ, ಕೆಸರಿನಲ್ಲಿ ಅಗಲವಾದ ಹೆಜ್ಜೆ ಬಿಡುತ್ತದೆ. ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ಉದ್ದುದ್ದ. ದುಂಡನೆಯ ಹೆಜ್ಜೆಯ ಸುತ್ತಳತೆಗೆ ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಬರುತ್ತದೆ. ಹೆಜ್ಜೆಯ ಪಕ್ಕದಲ್ಲಿ ಟೇಪು ಇಟ್ಟು ಫೋಟೋ ತೆಗೆದರೆ ವಾದಕ್ಕೆ ಎಡೆಯಿರುವುದಿಲ್ಲ.

ತಮ್ಮನ ಕಾಲಿನ ವಿಷಯ ಬೇರೆ. ಅರ್ಜಿಯ ಒಂದು ಸಾಲು ಅದಕ್ಕೆ ಸಾಲದು. ಆಸ್ಪತ್ರೆಗೆ ಸೇರಿಸುವಾಗಲೇ ಗಾಯ ಹೇಗಾಯಿತು ಎಂದು ವೈದ್ಯರಿಗೆ ಹೇಳಿ, ಆನೆ ಅಟ್ಟಿಸಿಕೊಂಡು ಬಂದದ್ದು ಅವರ ದಾಖಲೆಯಲ್ಲಿ ಬರುವಂತೆ ನೋಡಬೇಕು. ಗಡಿಬಿಡಿಯಲ್ಲಿ ‘ಜಾರಿ ಬಿದ್ದ’ ಎಂದಷ್ಟೇ ಬರೆಸಿದರೆ ಆಮೇಲೆ ಆ ಕಾಗದವೇ ಎದುರು ನಿಲ್ಲುತ್ತದೆ. ಚಿಕಿತ್ಸೆಯ ಬಿಲ್ಲುಗಳ ಅಸಲು ಪ್ರತಿಗಳನ್ನು ಕಳೆದುಕೊಳ್ಳಬಾರದು.

ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಪಹಣಿಯಲ್ಲಿ. ಉಳುವವನು ಮಗ, ಪಹಣಿಯಲ್ಲಿ ಇರುವುದು ತೀರಿಕೊಂಡ ತಂದೆಯ ಹೆಸರು. ಪೌತಿ ಖಾತೆ ಆಗಿರದಿದ್ದರೆ ಹಣ ಯಾರ ಬ್ಯಾಂಕ್ ಖಾತೆಗೆ ಎಂಬ ತಕರಾರು ಏಳುತ್ತದೆ. ಅದನ್ನು ಬಿಡಿಸುವುದು ಅರಣ್ಯ ಕಚೇರಿಯ ಕೈಲಿಲ್ಲ, ಕಂದಾಯ ಕಚೇರಿಗೆ ಅಲೆಯಬೇಕು.

ಅರ್ಜಿಯ ನಕಲಿನ ಮೇಲೆ ‘ಸ್ವೀಕರಿಸಿದೆ’ ಎಂಬ ಮೊಹರು, ದಿನಾಂಕ ಪಡೆಯಿರಿ. ಮಹಜರಿನಲ್ಲಿ 18 ಗುಂಟೆ 10 ಆಗಿದ್ದರೆ ಸಹಿ ಹಾಕುವ ಮುನ್ನವೇ ನಿಮ್ಮ ಆಕ್ಷೇಪವನ್ನು ಅದೇ ಹಾಳೆಯಲ್ಲಿ ಬರೆಸಿ.