ಶಿಖರ ಎರಡರಲ್ಲಲ್ಲ, ನಾಲ್ಕರಲ್ಲಿ

ಮನೆಯ ಮೇಲಿನ ತೊಟ್ಟಿಗೆ ಒಂದು ಕಡೆ ನೀರು ಬೀಳುತ್ತಿದೆ, ಇನ್ನೊಂದು ಕಡೆ ಖರ್ಚಾಗುತ್ತಿದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಸಿಗುವ ವೇಗವನ್ನು f ಎನ್ನೋಣ. ಅದನ್ನು ಗಂಟೆಗೆ ಎಷ್ಟು ನೂರು ಲೀಟರ್ ಎಂದು ಅಳೆಯೋಣ. ಅದರ ನಕ್ಷೆ ಸರಳರೇಖೆಯ ತುಂಡುಗಳಿಂದ ಆದದ್ದು. ಸೊನ್ನೆಯಿಂದ ಹೊರಟು 2ನೇ ಗಂಟೆಗೆ 4ಕ್ಕೆ ಏರುತ್ತದೆ. ಅಲ್ಲಿಂದ ನೇರವಾಗಿ ಇಳಿಯುತ್ತಾ 4ನೇ ಗಂಟೆಗೆ ಅಡ್ಡ ಅಕ್ಷವನ್ನು ದಾಟಿ, 5ಕ್ಕೆ −2 ಮುಟ್ಟುತ್ತದೆ. ಮತ್ತೆ ಏರಿ 7ರಲ್ಲಿ ಅಕ್ಷ ದಾಟಿ, 8ಕ್ಕೆ 1 ಆಗುತ್ತದೆ.

ಮೊದಲಿನಿಂದ x ಗಂಟೆಯವರೆಗೆ ತೊಟ್ಟಿಯಲ್ಲಿ ಕೂಡಿದ ನೀರು ಹೀಗೆ:

g(x) = ∫₀ˣ f(t) dt

ಈ g ಎಲ್ಲಿ ಅತಿ ಎತ್ತರ? ಬಹಳ ವಿದ್ಯಾರ್ಥಿಗಳು 2 ಎನ್ನುತ್ತಾರೆ, ಏಕೆಂದರೆ ಕಣ್ಣೆದುರಿಗಿರುವ ಗೆರೆಯ ತುದಿ ಅಲ್ಲಿದೆ. ಆದರೆ ಆ ಗೆರೆ ನೀರಿನ ಮಟ್ಟವಲ್ಲ, ಮಟ್ಟ ಬದಲಾಗುವ ವೇಗ. 2 ದಾಟಿದ ಮೇಲೂ f ಅಕ್ಷದ ಮೇಲೇ ಇದೆ. ಅಂದರೆ ನೀರು ತುಂಬುತ್ತಲೇ ಇದೆ, ಮೊದಲಿನಷ್ಟು ಜೋರಾಗಿ ಅಲ್ಲ, ಅಷ್ಟೆ.

ವಿಸ್ತೀರ್ಣ ಲೆಕ್ಕ ಹಾಕಿದರೆ ಇದು ನಿಚ್ಚಳವಾಗುತ್ತದೆ. 0ಯಿಂದ 2ರವರೆಗಿನ ತ್ರಿಕೋನ 4, 2ರಿಂದ 4ರವರೆಗಿನದೂ 4. ಹಾಗಾಗಿ g(4) = 8, ಎಂದರೆ 800 ಲೀಟರ್. ಅಲ್ಲಿಂದ ಮುಂದೆ ಅಕ್ಷದ ಕೆಳಗಿನ ವಿಸ್ತೀರ್ಣವನ್ನು ಕಳೆಯಬೇಕು: g(5) = 7, g(7) = 5. ಆಮೇಲೆ f ಮತ್ತೆ ಧನವಾಗುವುದರಿಂದ g(8) = 5.5. ಶಿಖರ 4ರಲ್ಲಿ, ತಗ್ಗು 7ರಲ್ಲಿ. ಎರಡೂ ಕಡೆ f ಸೊನ್ನೆಯಾಗುವುದರ ಜೊತೆಗೆ ತನ್ನ ಚಿಹ್ನೆಯನ್ನೂ ಬದಲಿಸುತ್ತದೆ. ಗೆರೆ ಅಕ್ಷವನ್ನು ಬರೀ ಮುಟ್ಟಿ ಹಿಂದಿರುಗಿದ್ದರೆ ಅಲ್ಲಿ ಶಿಖರವೂ ಇಲ್ಲ, ತಗ್ಗೂ ಇಲ್ಲ. ನೀರಿನ ಮಟ್ಟ ಒಂದು ಕ್ಷಣ ನಿಂತು, ಹಿಂದಿನ ದಿಕ್ಕಿನಲ್ಲೇ ಮುಂದುವರಿಯುತ್ತಿತ್ತು.

ಹಾಗಾದರೆ 2ರ ತುದಿಗೆ ಬೆಲೆಯೇ ಇಲ್ಲವೇ? ಇದೆ. 2ರವರೆಗೆ f ಏರುತ್ತಿದ್ದುದರಿಂದ g ಬರಬರುತ್ತಾ ಕಡಿದಾಗುವ ಏರಿನಂತೆ ಮೇಲ್ಮುಖವಾಗಿ ಬಾಗಿತ್ತು. ಅಲ್ಲಿಂದ f ಇಳಿಯತೊಡಗಿ, g ಕೆಳಮುಖವಾಗಿ ಬಾಗುತ್ತದೆ. 5ರಲ್ಲಿ ಬಾಗು ಮತ್ತೆ ತಿರುಗುತ್ತದೆ. ಅಲ್ಲಿ g ಇನ್ನೂ ಇಳಿಯುತ್ತಿದೆ, ಆದರೆ ಇಳಿತ ನಿಧಾನವಾಗುತ್ತಿದೆ. f′ = 0 ಆಗುವ ಜಾಗ ಹುಡುಕುವವರು ಈ ಎರಡನ್ನೂ ಕಳೆದುಕೊಳ್ಳುತ್ತಾರೆ. 2 ಮತ್ತು 5ರಲ್ಲಿ ಗೆರೆಗೆ ಮೂಲೆ ಇರುವುದರಿಂದ ಅಲ್ಲಿ f′ ಇಲ್ಲವೇ ಇಲ್ಲ. ನೋಡಬೇಕಾದದ್ದು f ಏರಿಕೆಯಿಂದ ಇಳಿಕೆಗೋ, ಇಳಿಕೆಯಿಂದ ಏರಿಕೆಗೋ ಹೊರಳಿತೇ ಎಂಬುದನ್ನು.

ಲೆಕ್ಕವನ್ನು 0ಯ ಬದಲು 4ನೇ ಗಂಟೆಯಿಂದ ಶುರುಮಾಡಿದರೆ ಎಲ್ಲ ಬೆಲೆಗಳೂ 8ರಷ್ಟು ಕುಸಿಯುತ್ತವೆ, ಶಿಖರದ ಬೆಲೆ ಸೊನ್ನೆಯಾಗುತ್ತದೆ. ಆದರೂ ಶಿಖರ 4ರಲ್ಲೇ, ತಗ್ಗು 7ರಲ್ಲೇ, ಬಾಗುಗಳು 2 ಮತ್ತು 5ರಲ್ಲೇ ಇರುತ್ತವೆ.