ಪರದೆಯ ಮೇಲೆ ಕೈಕೊಟ್ಟ ಕನ್ನಡ

ಪುಣೆಯ ನಮ್ಮ ಕನ್ನಡ ಬಳಗದ ಕಳೆದ ವರ್ಷದ ರಾಜ್ಯೋತ್ಸವದಲ್ಲಿ ಸ್ಲೈಡ್ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. 'ನೀ ಐಟಿಯವ' ಎಂಬುದಷ್ಟೇ ಅರ್ಹತೆ. ಬಳಗ ಕಟ್ಟಿ ಈಗ ನಮ್ಮೊಂದಿಗಿಲ್ಲದ ಹಿರಿಯರ ಫೋಟೋ, ಹೆಸರು, ಎರಡು ಸಾಲಿನ ಪರಿಚಯ. ಒಟ್ಟು 18 ಸ್ಲೈಡು. ಮಾಡಿಕೊಟ್ಟವರು ಧಾರವಾಡದ ನಿವೃತ್ತ ಮಾಸ್ತರರು. ಈಗ ಇಲ್ಲಿ ಮಗನ ಮನೆಯಲ್ಲಿದ್ದಾರೆ, ನಮಗೆಲ್ಲ ಕಾಕಾ.

ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಪೆನ್‌ಡ್ರೈವನ್ನು ಸಭಾಂಗಣದ ಕಂಪ್ಯೂಟರಿಗೆ ಹಾಕಿದೆವು. ಫೋಟೋಗಳು ಸರಿಯಾಗಿದ್ದವು. ಆದರೆ ಶೀರ್ಷಿಕೆಯಲ್ಲಿ 'ಕರ್ನಾಟಕ' ಇರಬೇಕಾದ ಜಾಗದಲ್ಲಿ PÀ£ÁðlPÀ ಎಂದಿತ್ತು. ಹೆಸರುಗಳದ್ದೂ ಅದೇ ಗತಿ. ಆ ಹಿರಿಯರ ಮನೆಯವರು ಆಗಲೇ ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು.

"ಯಾಕೋ ತಮ್ಮಾ, ಮನ್ಯಾಗ ಛಲೋ ಕಾಣಸ್ತಿತ್ತಲ್ಲ?" ಎಂದರು ಕಾಕಾ.

ಮನೆಯಲ್ಲಿ ಚೆನ್ನಾಗಿ ಕಾಣುತ್ತಿದ್ದುದೇ ಮೋಸ. ಕಾಕಾ ಟೈಪ್ ಮಾಡಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ಅಂಥ ಫಾಂಟಿನಲ್ಲಿ ಕಡತದೊಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಇರುವುದು P, À, £ ಇಂಥ ಚಿಹ್ನೆಗಳು. P ಮತ್ತು À ಸೇರಿದರೆ 'ಕ' ಎಂದು ಚಿತ್ರ ಬಿಡಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದ ಕಂಪ್ಯೂಟರು ಒಳಗಿದ್ದದ್ದನ್ನೇ ತೋರಿಸಿತು, ಪಾಪ.

ಫಾಂಟ್ ಹಾಕಲು ಸಭಾಂಗಣದ ಆಪರೇಟರ್ ಒಪ್ಪಲಿಲ್ಲ. ಕಾಕಾನ ಮಗನಿಗೆ ಫೋನ್ ಮಾಡಿದೆ. ಫಾಂಟ್ ಇರುವ ಅದೇ ಮನೆಯ ಕಂಪ್ಯೂಟರಿನಲ್ಲಿ ಸ್ಲೈಡುಗಳನ್ನು ಪಿಡಿಎಫ್ ಆಗಿ ಉಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಪಿಡಿಎಫ್ ತನಗೆ ಬೇಕಾದ ಅಕ್ಷರರೂಪಗಳನ್ನು ತನ್ನೊಳಗೇ ಹೊತ್ತು ತರುತ್ತದೆ. ಅಡೋಬ್ ರೀಡರಿನಲ್ಲಿ ತೆರೆದು Ctrl+L ಒತ್ತಿದರೆ ಪರದೆ ತುಂಬ ಸ್ಲೈಡು. ಒಂದೊಂದಾಗಿ ಮೂಡಬೇಕಿದ್ದ ಫೋಟೋಗಳು ಒಟ್ಟಿಗೇ ಬಂದವು, ಅಷ್ಟೇ. ಹೆಸರುಗಳು ಸರಿಯಾಗಿದ್ದವು.

ಮರುದಿನ ಮೂಲ ಕಡತ ತೆರೆದು ಕೂತಾಗ ಇನ್ನೊಂದು ಸಂಗತಿ ಕಂಡಿತು. ಕೊನೆಯ 4 ಸ್ಲೈಡುಗಳ ಮಾತನ್ನು ಕಾಕಾನ ಸೊಸೆ ಮೊಬೈಲಿನಲ್ಲಿ ಟೈಪ್ ಮಾಡಿದ್ದರು. ಮೊಬೈಲಿನದು ಯುನಿಕೋಡ್, ಅಂದರೆ ಕಡತದಲ್ಲೇ 'ಕ' ಎಂದರೆ 'ಕ'. ಅವರು ಆರಿಸಿದ್ದ ಅಲಂಕಾರದ ಫಾಂಟ್ ಸಭಾಂಗಣದಲ್ಲಿ ಇರಲಿಲ್ಲ, ಆದರೂ ಆ ಸ್ಲೈಡುಗಳನ್ನು ಓದಬಹುದಿತ್ತು. ವಿಂಡೋಸ್ 8ರಿಂದೀಚೆಗೆ ಜೊತೆಗೇ ಬರುವ Nirmala UI ಅದರ ಜಾಗದಲ್ಲಿ ನಿಂತಿತ್ತು. ಅಳತೆ ಬೇರೆಯಾದ್ದರಿಂದ ಕೊನೆಯ ಸಾಲು ಚೌಕಟ್ಟಿನಿಂದ ಕೆಳಗೆ ಜಾರಿತ್ತು. ಕನ್ನಡ ಫಾಂಟೇ ಇಲ್ಲದ ಯಂತ್ರವಾಗಿದ್ದರೆ ಖಾಲಿ ಚೌಕಗಳು ಕಾಣುತ್ತಿದ್ದವು. ಚೌಕ ಕಂಡರೆ ಫಾಂಟಿನ ಕೊರತೆ. PÀ£Á ಎಂಬಂಥದ್ದು ಕಂಡರೆ ಬರಹವೇ ಹಳೆಯ ಪದ್ಧತಿಯದು.

ಇದನ್ನು ಮನೆಯಲ್ಲೇ ತಿಳಿಯಬಹುದು. ಸ್ಲೈಡಿನ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಅಲ್ಲಿಯೂ ಕನ್ನಡವೇ ಬಂದರೆ ಯುನಿಕೋಡ್. ಸಾಲು ಸಾಲಾಗಿ ನೋಡಬೇಕು. ಕಾಕಾನ ಕಡತದ ಹಾಗೆ ಎರಡೂ ಬೆರೆತಿರುವುದು ಅಪರೂಪವಲ್ಲ.

ಈ ವರ್ಷಕ್ಕೆ ಕಾಕಾನ 14 ಸ್ಲೈಡುಗಳನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು, ಎಲ್ಲಕ್ಕೂ Nirmala UI ಕೊಟ್ಟಿದ್ದೇನೆ. ನೋಡಲು ಸಪ್ಪೆ ಎನ್ನುವವರಿದ್ದಾರೆ, ಇರಲಿ. ಶೀರ್ಷಿಕೆಗೆ ಮಾತ್ರ ಕಾಕಾ ಹಟ ಹಿಡಿದದ್ದರಿಂದ Noto Serif Kannada. ಅದನ್ನು ಕಡತದೊಳಗೇ ಹುದುಗಿಸಲು ಪವರ್‌ಪಾಯಿಂಟಿನಲ್ಲಿ File > Options > Save ಗೆ ಹೋಗಿ Embed fonts in the file ಗುರುತು ಮಾಡಿದೆ. ಅದರ ಕೆಳಗೆ ಎರಡು ಆಯ್ಕೆ ಇದೆ. ಬಳಸಿದ ಅಕ್ಷರಗಳಷ್ಟನ್ನೇ ಹುದುಗಿಸುವ ಮೊದಲನೆಯದು ಬೇಡ, Embed all characters ಇರಲಿ. ಕಾರ್ಯಕ್ರಮದ ಹೊತ್ತಿಗೆ ಯಾರಾದರೂ ಒಂದು ಹೆಸರು ತಿದ್ದಿಸಿಯೇ ತಿದ್ದಿಸುತ್ತಾರೆ. ಎಲ್ಲ ಫಾಂಟುಗಳೂ ಹುದುಗಿಸಲು ಅನುಮತಿ ಕೊಡುವುದಿಲ್ಲ. ನೋಟೋ ಮುಕ್ತ ಪರವಾನಗಿಯದಾದ್ದರಿಂದ ಆ ತೊಡಕಿಲ್ಲ. ಸಭಾಂಗಣದಲ್ಲಿ ಪವರ್‌ಪಾಯಿಂಟ್ ಬದಲು ಬೇರೆ ತಂತ್ರಾಂಶ ಇದ್ದರೆ ಹುದುಗಿಸಿದ ಫಾಂಟನ್ನು ಅದು ಗಮನಿಸುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಪೆನ್‌ಡ್ರೈವಿನಲ್ಲಿ ಪಿಡಿಎಫ್ ಕೂಡ ಇದೆ.

ಪರಿವರ್ತನೆಯ ನಂತರ ಅರ್ಕಾವತ್ತಿನ ಮೇಲೆ ಕಣ್ಣಿಡಬೇಕು. ಹಳೆಯ ಪದ್ಧತಿಯಲ್ಲಿ ಅದು, ಕಣ್ಣಿಗೆ ಕಾಣುವಂತೆ, ಅಕ್ಷರದ ನಂತರ ಬರುತ್ತದೆ. PÀ£ÁðlPÀ ದಲ್ಲಿ ð ಇರುವುದು 'ನಾ' ಆದ ಮೇಲೆ. ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸುವಾಗ ಎಡವಿದರೆ ಹೆಸರೇ ಕೆಡುತ್ತದೆ. ಯಾವ ಹೆಸರು ಹೇಗಿರಬೇಕೆಂದು ಗೊತ್ತಿರುವುದು ಕಾಕಾಗೆ ಮಾತ್ರ. ಪ್ರಿಂಟ್ ತೆಗೆದು ಕೊಟ್ಟಿದ್ದೇನೆ. ಕೆಂಪು ಪೆನ್ನು ಹಿಡಿದು ಕೂತಿದ್ದಾರೆ, ನಿನ್ನೆ ಸಂಜೆಗೆ 11ನೇ ಸ್ಲೈಡು.