ಹಾಕ್ಕೋ ತಮ್ಮಾ, ಇನ್ನೊಂದ!

ಧುಪದಾಳದ ಸೋದರತ್ತೆಯ ಮನೆಯಲ್ಲಿ ಮಗಳ ಕುಬಸ. ಪಂಕ್ತಿಯಲ್ಲಿ ಕುಳಿತು ನಾನಿನ್ನೂ ಕೋಸಂಬರಿಗೆ ಕೈ ಹಾಕಿರಲಿಲ್ಲ, ದೊಡ್ಡವ್ವ ಎದುರಿಗೆ ಬಂದು ನಿಂತಳು. ‘ಯಾಕಪಾ, ಹಿಂಗ ಸೊರಗೀದಿ? ನಿಮ್ಮವ್ವ ಕೂಳ ಹಾಕೂದಿಲ್ಲೇನ?’ ಪಂಕ್ತಿಯೇ ನಕ್ಕಿತು. ಸಾರು ಬಡಿಸುತ್ತಿದ್ದ ಅವ್ವ ಮಾತ್ರ ನಗಲಿಲ್ಲ.

ಆರು ತಿಂಗಳ ಹಿಂದಿನ ಒಂದು ಮದುವೆಯಲ್ಲಿ ಇದೇ ದೊಡ್ಡವ್ವ ನನ್ನನ್ನು ‘ಹೊಟ್ಟಿ ಪೊಲೀಸಪ್ಪ’ ಎಂದು ಕರೆದಿದ್ದಳು. ಆಗ ನಾನು 82 ಕೆ.ಜಿ. ಇದ್ದೆ. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಕಾಲುವೆ ದಂಡೆಯ ರಸ್ತೆಯಲ್ಲಿ ಓಡಿದರೆ ನನಗೆ ಏಳೂಮುಕ್ಕಾಲು ನಿಮಿಷ ಬೇಕಾಗುತ್ತಿತ್ತು. ಅಂದಿನಿಂದ ಊಟಕ್ಕೊಂದು ಲೆಕ್ಕ ಹಾಕಿಕೊಂಡೆ. ಹೊತ್ತಿಗೆ ಎರಡು ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ. ಸಂಜೆ ಒಂದು ಹಿಡಿ ಶೇಂಗಾ.

ಮನೆಯಲ್ಲಿ ಇದು ಸಲೀಸಾಗಿ ನಡೆಯಿತು. ಕಷ್ಟವಾದದ್ದು ಬೀಗರು, ನೆಂಟರ ಮನೆಗಳಲ್ಲಿ. ಮೊದಲ ಸಲ ‘ಡಯಟ್ ಮಾಡಾಕತ್ತೀನಿ’ ಎಂದುಬಿಟ್ಟೆ. ಆ ಮಾತು ನಮ್ಮ ಹಿರಿಯರಿಗೆ ‘ನಿಮ್ಮ ಅಡುಗೆ ಸರಿಯಿಲ್ಲ’ ಎಂದಂತೆ ಕೇಳಿಸುತ್ತದೆ. ಇಬ್ಬರು ಕಾಕಂದಿರು ಬುದ್ಧಿ ಹೇಳಿದರು, ಕಾಕು ಮುನಿಸಿಕೊಂಡಳು. ಇನ್ನೊಮ್ಮೆ ‘ನಾಳೆ ಹೋಳಿಗೆ ಊಟ’ ಎಂದು ಹಿಂದಿನ ದಿನ ಉಪವಾಸ ಮಾಡಿದೆ. ಮರುದಿನ ಹಸಿವಿನಲ್ಲಿ ಐದು ಹೋಳಿಗೆ ಇಳಿದದ್ದೇ ಗೊತ್ತಾಗಲಿಲ್ಲ.

ಆಮೇಲೆ ಬಡಿಸುವವರನ್ನು ಗಮನಿಸತೊಡಗಿದೆ. ಅವರು ನಮ್ಮ ಮುಖ ನೋಡುವುದಿಲ್ಲ, ಎಲೆ ನೋಡುತ್ತಾರೆ. ಎಲೆ ಖಾಲಿಯಿದ್ದರೆ ಬಡಿಸುತ್ತಾರೆ. ‘ಬ್ಯಾಡ’ ಎಂದರೆ ಸಂಕೋಚ ಎಂದುಕೊಳ್ಳುತ್ತಾರೆ. ಎರಡನೇ ಸಲ ಬಡಿಸುವುದು ಅವರಿಗೆ ಮರ್ಯಾದೆಯ ವಿಷಯ, ಅದನ್ನು ತಪ್ಪಿಸಲು ಆಗುವುದಿಲ್ಲ. ಹಾಗಾಗಿ ಆ ಎರಡನೇ ಸರತಿಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡೆ.

ಕುಬಸದ ದಿನ ಮಾಡಿದ್ದು ಇಷ್ಟೇ. ಬೆಳಿಗ್ಗೆ ಎಂದಿನಂತೆ ತಿಂದು ಹೋದೆ. ಮೊದಲ ಸರತಿಗೆ ‘ಅರ್ಧಾ ಹಾಕ್ರಿ’ ಎಂದು ಅರ್ಧ ಹೋಳಿಗೆ ಹಾಕಿಸಿಕೊಂಡು, ಒಂದು ಚೂರನ್ನು ಎಲೆಯಲ್ಲೇ ಉಳಿಸಿಕೊಂಡು ನಿಧಾನ ಉಂಡೆ. ಅತ್ತೆ ಮತ್ತೆ ಬಂದಾಗ ನಗುತ್ತ ಇನ್ನರ್ಧ ಹಾಕಿಸಿಕೊಂಡೆ. ಮೂರನೇ ಸಲ ಬರುವ ಮೊದಲೇ ನಾನೇ ಕೂಗಿದೆ: ‘ಅತ್ತಿ, ಮಡಿಕಿಕಾಳಿನ ಪಲ್ಯಾ ಭಾಳ ಚಲೋ ಆಗೇತಿ, ಇನ್ನೊಂದಿಷ್ಟ ಹಾಕ್ರಿ.’ ಕೇಳಿ ಹಾಕಿಸಿಕೊಂಡವನಿಗೆ ಯಾರೂ ಒತ್ತಾಯ ಮಾಡುವುದಿಲ್ಲ.

ಗಟ್ಟಿಯಾಗಿ ನಿಂತದ್ದು ತುಪ್ಪದ ಮುಂದೆ ಮಾತ್ರ. ಒಂದು ದೊಡ್ಡ ಚಮಚದಲ್ಲಿ ಸುಮಾರು 15 ಗ್ರಾಂ ತುಪ್ಪ ಹಿಡಿಯುತ್ತದೆ ಎಂದುಕೊಳ್ಳಿ. ಗ್ರಾಂಗೆ 9 ಕ್ಯಾಲರಿಯಂತೆ 135 ಆಯಿತು. ನನ್ನ ತೂಕದವನು 1600 ಮೀಟರ್ ಓಡಿದರೆ ಕರಗುವುದು ಹೆಚ್ಚುಕಡಿಮೆ 120. ಒಂದು ಚಮಚಕ್ಕೆ ಒಪ್ಪಿದೆ, ಎರಡನೆಯದಕ್ಕೆ ‘ನಾಳೆ ಮುಂಜಾನೆ ಓಡೂದೈತ್ರಿ’ ಎಂದೆ. ಡಯಟ್ ಎಂದಾಗ ವಾದಕ್ಕಿಳಿದವರು ಓಟ ಎಂದಾಗ ಸೌಟು ಹಿಂದಕ್ಕೆ ತೆಗೆದುಕೊಂಡರು.

ಮರುದಿನ ತಕ್ಕಡಿ ಒಂದು ಕೆ.ಜಿ. ಹೆಚ್ಚು ತೋರಿಸಿತು. ಹಿಂದೆಲ್ಲ ಇದನ್ನು ಕಂಡು ಊಟ ಬಿಡುತ್ತಿದ್ದೆ. ಒಂದು ಕೆ.ಜಿ. ಕೊಬ್ಬು ಕೂಡಲು ಸುಮಾರು 7,700 ಕ್ಯಾಲರಿ ಹೆಚ್ಚಾಗಿ ತಿನ್ನಬೇಕು, ಒಂದು ಪಂಕ್ತಿಯಲ್ಲಿ ಅದು ಆಗದ ಮಾತು. ಏರಿದ್ದು ಉಪ್ಪು ಹಿಡಿದಿಟ್ಟ ನೀರು ಮತ್ತು ಹೊಟ್ಟೆಯಲ್ಲಿದ್ದ ಊಟ. ಎಂದಿನ ಊಟಕ್ಕೆ ಮರಳಿದೆ, ಮೂರು ದಿನಕ್ಕೆ ತೂಕ ಮೊದಲಿನಂತಾಯಿತು.

ಇನ್ನು ಮಾತಿನ ವಿಷಯ. ಎಲ್ಲರ ಮಾತನ್ನೂ ತಳ್ಳಿಹಾಕುವಂತಿಲ್ಲ. ಮೊದಲ ತಿಂಗಳು ನಾನು ರಾತ್ರಿಯೂಟ ಬಿಟ್ಟು ಐದು ಕೆ.ಜಿ. ಇಳಿದಿದ್ದೆ. ಆಗ ಆಯಿ ಒಬ್ಬಳೇ ಇದ್ದಾಗ ಹತ್ತಿರ ಕರೆದು, ‘ದನಿ ಸಣ್ಣಾಗೇತಿ, ಎದ್ದ ನಿಂತ್ರ ಗ್ವಾಡಿ ಹಿಡೀತಿ, ಯಾಕ?’ ಎಂದು ಕೇಳಿದ್ದಳು. ನಿಜವಾಗಿಯೂ ನನಗೆ ತಲೆ ಸುತ್ತುತ್ತಿತ್ತು. ರಾತ್ರಿಯ ರೊಟ್ಟಿ ಮರಳಿ ಬಂತು. ಆಮೇಲೆ ತೂಕ ಇಳಿದದ್ದು ತಿಂಗಳಿಗೆ ಅರ್ಧ ಕೆ.ಜಿ.ಯಷ್ಟೇ, ಓಟದ ವೇಗ ಮಾತ್ರ ಹೆಚ್ಚಿತು. ತಲೆಸುತ್ತು, ಸುಸ್ತು, ಹುಡುಗಿಯರಿಗೆ ಮುಟ್ಟು ತಪ್ಪುವುದು, ದಿನವಿಡೀ ಊಟದ್ದೇ ಯೋಚನೆ ಇವು ಕಂಡರೆ ನೆಂಟರ ಮಾತೇ ಸರಿಯಿರಬಹುದು. ಆಗ ಡಾಕ್ಟರನ್ನು ಕಾಣಬೇಕು.

ದೊಡ್ಡವ್ವನ ಮಾತು ಬೇರೆ. ಅದು ನನ್ನ ಆರೋಗ್ಯದ ವಿಚಾರಣೆಯಲ್ಲ, ಪಂಕ್ತಿಯನ್ನು ನಗಿಸುವ ಮಾತು. ಅಲ್ಲಿ ಉತ್ತರ ಕೊಡಲಿಲ್ಲ. ‘ದೊಡ್ಡವ್ವಾ, ನಿನ್ನ ಮೊಣಕಾಲ ನೋವ ಹೆಂಗೈತಿ?’ ಎಂದೆ, ಮಾತು ಆ ಕಡೆ ಹೊರಳಿತು. ಊಟವಾದ ಮೇಲೆ ಅಡಕೆ ಕತ್ತರಿಸುತ್ತ ಕುಳಿತಿದ್ದವಳ ಬಳಿ ಹೋಗಿ ಮೆಲ್ಲಗೆ ಹೇಳಿದೆ: ‘ನನಗ ಏನ್ ಬೇಕಾದ್ರೂ ಅನ್ನು. ಅವ್ವಗ ಕೂಳ ಹಾಕೂದಿಲ್ಲ ಅನಬ್ಯಾಡ. ದಿನಾ ಮುಂಜಾನೆ ಐದಕ್ಕ ಎದ್ದ ನನಗ ರೊಟ್ಟಿ ಬಡದ ಕೊಡ್ತಾಳ.’

ದೊಡ್ಡವ್ವ ಅಡಕೊತ್ತು ಕೆಳಗಿಟ್ಟಳು. ಏನೂ ಹೇಳಲಿಲ್ಲ. ಹೊರಡುವಾಗ ಅವ್ವನ ಕೈಗೆ ಬುತ್ತಿ ಕೊಟ್ಟಳು. ಮನೆಗೆ ಬಂದು ಬಿಚ್ಚಿದರೆ ಹೋಳಿಗೆ ಎರಡೇ ಇದ್ದವು, ಉಳಿದದ್ದೆಲ್ಲ ಮಡಿಕಿಕಾಳಿನ ಪಲ್ಯ.